ಕಿಟಕಿಯಿಂದ ಹೊರಬಿದ್ದ ಮೂರನೆಯವನು

ಉದ್ದನೆಯ ಮೇಜಿನ ತುದಿಯಿಂದ ಬಾಸ್ ಒಂದು ಪ್ರಶ್ನೆ ಕೇಳುತ್ತಾನೆ. ಮೊದಲಿಬ್ಬರು ಅವನಿಗೆ ಹಿಡಿಸುವ ಉತ್ತರ ಕೊಡುತ್ತಾರೆ. ಮೂರನೆಯವನು ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾನೆ. ಕೊನೆಯ ಚಿತ್ರದಲ್ಲಿ ಅವನು ಕಿಟಕಿಯಿಂದ ಹೊರಗೆ ಬೀಳುತ್ತಿರುತ್ತಾನೆ. ಜಾನ್ ಕ್ಲೆಕ್ನರ್ ಎಂಬ ಅಮೆರಿಕದ ಕಲಾವಿದರ ‘ಹೆಜಿಬಿಟ್ಸ್’ ಕಾಮಿಕ್ಸಿನಿಂದ ಬಂದ ಈ ಚಿತ್ರವನ್ನು ಜಗತ್ತಿನ ನೌಕರರೆಲ್ಲ ತಮ್ಮದು ಮಾಡಿಕೊಂಡಿದ್ದಾರೆ. ಮೂಲದ ಮಾತು ಅಳಿಸಿ ತಮ್ಮ ಆಫೀಸಿನ ಮಾತು ತುಂಬಿ ಹಂಚುತ್ತಾರೆ. ಮೂರನೆಯವನ ಬಾಯಲ್ಲಿ “ಸರ್, ಇದನ್ನ ಒಂದು ಮೇಲ್‌ನಲ್ಲೇ ಹೇಳಬಹುದಿತ್ತಲ್ವಾ?” ಎಂದು ಹಾಕಿದರೆ ಮೀಟಿಂಗ್ ಕುರಿತ ಜೋಕು, ಮೇಲಧಿಕಾರಿಯ ಕುರಿತ ಜೋಕು ಎರಡೂ ಒಂದಾಗುತ್ತವೆ. ಅವು ಬೇರೆಬೇರೆ ಎಂದು ನನಗೆ ಯಾವತ್ತೂ ಅನಿಸಿಲ್ಲ.

ಸೋಮವಾರದ ಸ್ಟೇಟಸ್ ಮೀಟಿಂಗನ್ನೇ ತೆಗೆದುಕೊಳ್ಳಿ. ಮ್ಯಾನೇಜರ್ ಸೇರಿ 9 ಮಂದಿ, 45 ನಿಮಿಷ. ಒಬ್ಬೊಬ್ಬರೂ ತಾವು ಕಳೆದ ವಾರ ಮಾಡಿದ್ದನ್ನು ನಾಲ್ಕೈದು ನಿಮಿಷ ಹೇಳುತ್ತಾರೆ, ಮಿಕ್ಕ ಎಂಟು ಜನ ಕೇಳಿಸಿಕೊಳ್ಳುತ್ತಾರೆ ಅಥವಾ ಮ್ಯೂಟ್ ಮಾಡಿಕೊಂಡು ಬೇರೆ ಕೆಲಸ ನೋಡುತ್ತಾರೆ. ಕ್ಯಾಲೆಂಡರಿನಲ್ಲಿ ಅದು ಮುಕ್ಕಾಲು ಗಂಟೆ. ಎಲ್ಲರ ಸಮಯ ಕೂಡಿದರೆ 405 ನಿಮಿಷ, ಹತ್ತಿರಹತ್ತಿರ ಏಳು ಗಂಟೆ. ಅದೇ ವಿಷಯ ಬರೆಯಲು ಒಬ್ಬೊಬ್ಬರಿಗೆ 5 ನಿಮಿಷ, ಉಳಿದವರದ್ದು ಓದಲು 10 ನಿಮಿಷ ಎಂದಿಟ್ಟುಕೊಂಡರೂ ಒಟ್ಟು 135 ನಿಮಿಷಕ್ಕೆ ಮುಗಿಯುತ್ತದೆ.

ಈ ಲೆಕ್ಕ ಮ್ಯಾನೇಜರಿಗೆ ಏಕೆ ಕಾಣುವುದಿಲ್ಲ? ಅವರು ಕೆಟ್ಟವರು ಎಂದೇನಲ್ಲ. ಪ್ರೋಗ್ರಾಮರ್ ಹಾಗೂ ಉದ್ಯಮಿ ಪಾಲ್ ಗ್ರಹಾಂ 2009ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಇದಕ್ಕೆ ಒಳ್ಳೆಯ ವಿವರಣೆಯಿದೆ. ಮ್ಯಾನೇಜರ್ ದಿನವನ್ನು ಗಂಟೆಗಂಟೆಯಾಗಿ ಕತ್ತರಿಸಿಕೊಂಡಿರುತ್ತಾರೆ. ಖಾಲಿಯಿರುವ ಒಂದು ಗಂಟೆಗೆ ಯಾರನ್ನಾದರೂ ಕರೆಯುವುದು ಅವರಿಗೆ ಸಲೀಸು. ಕೋಡ್ ಅಥವಾ ವರದಿ ಬರೆಯುವವರಿಗೆ ಬೇಕಾದದ್ದು ತಡೆಯಿಲ್ಲದ ಅರ್ಧ ದಿನ. ಹನ್ನೊಂದು ಗಂಟೆಗೆ ಮೀಟಿಂಗ್ ಇದೆ ಎಂದರೆ ಹತ್ತರಿಂದ ಹನ್ನೊಂದರವರೆಗೆ ದೊಡ್ಡ ಕೆಲಸಕ್ಕೆ ಕೈ ಹಾಕಲು ಮನಸ್ಸಾಗದು. ಮುಗಿಸಿ ಬಂದ ಮೇಲೆ ಬಿಟ್ಟ ಎಳೆ ಹಿಡಿಯುವಷ್ಟರಲ್ಲಿ ಊಟದ ಹೊತ್ತು. ಮೀಟಿಂಗ್ ಕರೆಯುವ ಅಧಿಕಾರ ಮೇಲಿನವರದ್ದು, ಅದರ ಬೆಲೆ ತೆರುವವರು ಕೆಳಗಿನವರು. ಮೀಮ್ ಹುಟ್ಟುವುದು ಈ ಅಂತರದಲ್ಲೇ. ಬೇಡ ಎಂದು ಎದುರಿಗೆ ಹೇಳಲಾಗದ್ದನ್ನು, ಬಾಸ್ ಇಲ್ಲದ ವಾಟ್ಸಾಪ್ ಗುಂಪಿಗೆ ಚಿತ್ರವಾಗಿ ಕಳಿಸುತ್ತೇವೆ.

ಇದೇ ಬಗೆಯಲ್ಲಿ ಓಡಾಡುವ ಇನ್ನೊಂದು ಪುಟವಿದೆ. ಕಟ್ಟುಕಥೆ ಎಂದುಕೊಂಡು ನಕ್ಕವರೂ ಇರಬಹುದು. ಅದು ನಿಜವಾದ ಸರ್ಕಾರಿ ದಾಖಲೆ. ಎರಡನೇ ಮಹಾಯುದ್ಧದ ನಡುವೆ, 1944ರ ಜನವರಿಯಲ್ಲಿ, ಅಮೆರಿಕದ ಬೇಹುಗಾರಿಕೆ ಸಂಸ್ಥೆ ಓಎಸ್‌ಎಸ್ ಒಂದು ಕೈಪಿಡಿ ಹೊರಡಿಸಿತು. ಶತ್ರುಗಳ ಹಿಡಿತದಲ್ಲಿದ್ದ ದೇಶಗಳ ಸಾಮಾನ್ಯ ಜನರು ಸಿಕ್ಕಿಬೀಳದೆ ಕೆಲಸ ಕೆಡಿಸುವುದು ಹೇಗೆ ಎಂದು ತಿಳಿಸುವ ಪುಸ್ತಿಕೆ ಅದು. ಯಂತ್ರ ಹಾಳುಮಾಡುವ ವಿಧಾನಗಳ ಜೊತೆಗೆ ಕಚೇರಿ ಹಾಳುಮಾಡುವ ವಿಧಾನಗಳೂ ಅದರಲ್ಲಿವೆ: ಎಲ್ಲವನ್ನೂ ಸಮಿತಿಗೆ ಒಪ್ಪಿಸಿ, ಸಮಿತಿಯಲ್ಲಿ ಐದಕ್ಕಿಂತ ಕಡಿಮೆ ಜನ ಇರದಂತೆ ನೋಡಿಕೊಳ್ಳಿ, ಕಳೆದ ಸಭೆಯಲ್ಲಿ ತೀರ್ಮಾನವಾದದ್ದನ್ನು ಮತ್ತೆ ಕೆದಕಿ, ಒಬ್ಬರ ಒಪ್ಪಿಗೆ ಸಾಕಿರುವಲ್ಲಿ ಮೂವರದ್ದು ಬೇಕೆನ್ನಿ, ತುರ್ತು ಕೆಲಸ ಇರುವಾಗಲೇ ಮೀಟಿಂಗ್ ಕರೆಯಿರಿ. ಈ ಸಲಹೆಗಳ ಗುಟ್ಟು ಏನೆಂದರೆ, ಇದನ್ನು ಮಾಡುವವನು ಶ್ರದ್ಧಾವಂತನ ಹಾಗೇ ಕಾಣುತ್ತಾನೆ. ಕೆಟ್ಟ ಮೀಟಿಂಗನ್ನು ತಡೆಯುವುದು ಇಂದಿಗೂ ಕಷ್ಟವಾಗಿರುವುದು ಆ ಕಾರಣಕ್ಕೇ.

ಹಾಗೆಂದು ಮೀಮ್ ಹೇಳುವುದೆಲ್ಲ ಸರಿಯಲ್ಲ. ಇಬ್ಬರ ನಡುವೆ ಭಿನ್ನಾಭಿಪ್ರಾಯವಿದ್ದು, ನಾಲ್ಕು ಮಂದಿಯನ್ನು ಸಿಸಿಯಲ್ಲಿಟ್ಟು ಇಪ್ಪತ್ತು ಮೇಲ್ ಓಡಾಡಿದರೆ, ಅದು ಹತ್ತು ನಿಮಿಷ ಎದುರುಬದುರು ಕೂತು ಮುಗಿಸಬೇಕಿದ್ದ ಮಾತು. ನನ್ನ ಅಳತೆಗೋಲು ಇಷ್ಟೇ: ಇನ್ನೊಬ್ಬರ ಮಾತು ಕೇಳಿ ಯಾರಾದರೂ ತಮ್ಮ ನಿಲುವು ಬದಲಿಸಬೇಕಾದ ವಿಷಯವಾದರೆ ಸೇರಿ. ಬರೀ ತಿಳಿಸುವ ವಿಷಯವಾದರೆ ಬರೆಯಿರಿ. ನಿರ್ಧಾರ ಕೈಗೊಳ್ಳಬೇಕಾದವರೇ ಬರುತ್ತಿಲ್ಲ, ಕೊನೆಗೆ “ಸರ್ ಹತ್ರ ಕೇಳಿ ಹೇಳ್ತೀವಿ” ಎಂದೇ ಮುಗಿಯುತ್ತದೆ ಎಂದಾದರೆ ಮುಂದಕ್ಕೆ ಹಾಕುವುದೇ ಮೇಲು.

ಬರೆಯುವುದನ್ನೂ ಸೇರುವುದನ್ನೂ ಜೋಡಿಸಿದ ಕಂಪನಿಯೊಂದಿದೆ. 2004ರಲ್ಲಿ ಜೆಫ್ ಬೆಜೋಸ್ ಅಮೆಜಾನ್‌ನ ಹಿರಿಯರ ಸಭೆಗಳಲ್ಲಿ ಪವರ್‌ಪಾಯಿಂಟ್ ನಿಲ್ಲಿಸಿದರು. ಹೇಳಬೇಕಾದದ್ದನ್ನು ಆರು ಪುಟ ಮೀರದಂತೆ ಬರೆದು ತರಬೇಕು. ಎಲ್ಲರೂ ಕೂತು ಮೊದಲು ಅದನ್ನು ಮೌನವಾಗಿ ಓದುತ್ತಾರೆ, ಚರ್ಚೆ ಆಮೇಲೆ. ಚರ್ಚೆಯಲ್ಲಿ ಕಿರಿಯರು ಮೊದಲು ಮಾತಾಡಬೇಕು, ತಾನು ಕೊನೆಗೆ ಎಂಬುದು ಅವರ ಇನ್ನೊಂದು ನಿಯಮ. ಬಾಸ್ ಅಭಿಪ್ರಾಯ ಮೊದಲೇ ಕಿವಿಗೆ ಬಿದ್ದರೆ ಗಟ್ಟಿ ಮನಸ್ಸಿನವರೂ ತಮ್ಮದನ್ನು ನುಂಗಿಕೊಳ್ಳುತ್ತಾರೆ ಎಂಬುದು ಅದಕ್ಕೆ ಕಾರಣ. ಇಂಥ ನಿಯಮವನ್ನು ಟೀಮಿನ ಕಿರಿಯ ಸದಸ್ಯೆ ತರಲಾರಳು. ಮೇಜಿನ ತುದಿಯಲ್ಲಿ ಕೂತವರೇ ತರಬೇಕು.