ವರ್ಜೀನಿಯಾದಲ್ಲಿ ಕೆಟ್ಟರೆ ಮುಂಬೈಗೇನು?

ಕ್ಲೌಡ್ ಸೇವೆಯ ದೊಡ್ಡ ಪಾಲು ಇಂದು ಅಮೆಜಾನ್, ಮೈಕ್ರೋಸಾಫ್ಟ್, ಗೂಗಲ್ ಎಂಬ ಮೂರು ಕಂಪನಿಗಳ ಕೈಯಲ್ಲಿದೆ. ಸ್ವಂತ ಕಂಪ್ಯೂಟರ್ ಇಟ್ಟುಕೊಳ್ಳದೆ ಇವರ ಸರ್ವರ್‌ಗಳನ್ನು ಬಾಡಿಗೆಗೆ ಪಡೆಯುವ ಸಂಸ್ಥೆಗಳ ಸಂಖ್ಯೆ ಬೆಳೆದಷ್ಟೂ, ಒಬ್ಬರ ಬಳಿ ಕೆಟ್ಟದ್ದು ಸಾವಿರಾರು ಕಡೆ ಕೆಡುತ್ತದೆ. ಅಮೆಜಾನ್ ತನ್ನ ಡೇಟಾ ಸೆಂಟರ್‌ಗಳನ್ನು ‘ರೀಜನ್’ಗಳಾಗಿ ವಿಂಗಡಿಸಿದೆ. ಒಂದು ರೀಜನ್ ಕುಸಿದರೂ ಉಳಿದವು ನಡೆಯಲೆಂಬುದು ಇದರ ಉದ್ದೇಶ. ಮುಂಬೈ, ಹೈದರಾಬಾದ್‌ಗಳಲ್ಲಿಯೂ ರೀಜನ್‌ಗಳಿವೆ. ಎಲ್ಲಕ್ಕಿಂತ ಹಳೆಯದು ಅಮೆರಿಕದ ಉತ್ತರ ವರ್ಜೀನಿಯಾದ `us-east-1`.

2025ರ ಅಕ್ಟೋಬರ್ 20ರಂದು, ಭಾರತದ ಸಮಯ ಮಧ್ಯಾಹ್ನ 12.18ಕ್ಕೆ, ಅಲ್ಲಿ ಡೈನಮೊಡಿಬಿ ಎಂಬ ಡೇಟಾಬೇಸ್ ಸೇವೆ ಯಾರ ಕೈಗೂ ಸಿಗದಾಯಿತು. ಡೇಟಾಬೇಸ್ ಕೆಟ್ಟಿರಲಿಲ್ಲ, ಅದರ ವಿಳಾಸ ಅಳಿಸಿಹೋಗಿತ್ತು. ಒಂದು ಸೇವೆಯ ಹೆಸರು ಯಾವ ಸರ್ವರ್‌ಗಳನ್ನು ಸೂಚಿಸಬೇಕೆಂದು ಹೇಳುವ ವ್ಯವಸ್ಥೆ ಡಿಎನ್‌ಎಸ್. ಅದರಲ್ಲಿನ ವಿಳಾಸಪಟ್ಟಿಯನ್ನು ಸದಾ ಹೊಸದಾಗಿಡಲು ಅಮೆಜಾನ್ ಒಂದೇ ಬಗೆಯ ಹಲವು ಸ್ವಯಂಚಾಲಿತ ಪ್ರೋಗ್ರಾಂಗಳನ್ನು ಇಟ್ಟಿತ್ತು. ಅಂದು ಅವುಗಳಲ್ಲೊಂದು ವಿಪರೀತ ನಿಧಾನವಾಗಿ, ಇನ್ನೊಂದು ಆಗಷ್ಟೇ ಬರೆದಿದ್ದ ಹೊಸ ಪಟ್ಟಿಯ ಮೇಲೆ ತನ್ನ ಹಳೆಯ ಪಟ್ಟಿಯನ್ನು ಬರೆಯಿತು. ಅದೇ ವೇಳೆಗೆ ಹಳೆಯ ಪಟ್ಟಿಗಳನ್ನು ತೆಗೆದುಹಾಕುವ ಕೆಲಸಕ್ಕಿಳಿದ ಎರಡನೆಯ ಪ್ರೋಗ್ರಾಂ, ಬಳಕೆಯಲ್ಲಿದ್ದ ಆ ಪಟ್ಟಿಯನ್ನೇ ಅಳಿಸಿತು. ವಿಳಾಸದ ಜಾಗ ಖಾಲಿಯಾಯಿತು. ಯಂತ್ರಗಳು ತಾವಾಗಿ ಅದನ್ನು ಸರಿಪಡಿಸಲಾಗದೆ ಎಂಜಿನಿಯರ್‌ಗಳೇ ಕೈಹಾಕಬೇಕಾಯಿತು. 2.55ಕ್ಕೆ ವಿಳಾಸ ಮರಳಿತು.

ತೊಂದರೆ ಅಷ್ಟಕ್ಕೇ ಮುಗಿಯಲಿಲ್ಲ. ಹೊಸ ಸರ್ವರ್ ಕೊಡುವ ಇಸಿ2 ಸೇವೆಯ ಆಡಳಿತ ಭಾಗವು ತನ್ನ ಯಂತ್ರಗಳೊಂದಿಗೆ ಅಲ್ಪಾವಧಿಯ ‘ಲೀಸ್’ ಇಟ್ಟುಕೊಂಡು, ಅದನ್ನು ಡೈನಮೊಡಿಬಿಯ ನೆರವಿನಿಂದ ನವೀಕರಿಸುತ್ತಿತ್ತು. ಡೇಟಾಬೇಸ್ ಕಾಣದಾದ ಅವಧಿಯಲ್ಲಿ ಲೀಸ್‌ಗಳ ಅವಧಿ ಮುಗಿಯಿತು. ಡೇಟಾಬೇಸ್ ಮರಳಿದಾಗ ನವೀಕರಣದ ಕೆಲಸ ಒಮ್ಮೆಲೇ ಗುಡ್ಡೆಬಿದ್ದು, ಒಂದು ಮುಗಿಯುವ ಮೊದಲೇ ಅದರ ಗಡುವು ಮೀರಿ, ಅದೇ ಕೆಲಸ ಮತ್ತೆ ಸರದಿಗೆ ಸೇರತೊಡಗಿತು. ಹೊಸ ಸರ್ವರ್ ಕೊಡುವುದು ಪೂರ್ತಿ ಸರಿಹೋದದ್ದು ಭಾರತದ ಸಮಯ ರಾತ್ರಿ 2.20ಕ್ಕೆ. ಆದರೆ ಮೊದಲೇ ಚಾಲೂ ಇದ್ದ ಸರ್ವರ್‌ಗಳು ಇಡೀ ಹೊತ್ತು ಓಡುತ್ತಲೇ ಇದ್ದವು.

ಇದರ ಹಿಂದಿರುವುದು ಕ್ಲೌಡ್‌ನ ಎರಡು ಭಾಗಗಳ ವ್ಯತ್ಯಾಸ. ದಿನದ ಕೆಲಸ ಮಾಡುವುದು ಡೇಟಾ ಪ್ಲೇನ್. ಹೊಸದನ್ನು ಸೃಷ್ಟಿಸುವ, ಇದ್ದದ್ದನ್ನು ಬದಲಿಸುವ ಆಡಳಿತವೇ ಕಂಟ್ರೋಲ್ ಪ್ಲೇನ್. ಡಿಪೋದ ಕಚೇರಿ ಮುಚ್ಚಿದರೂ ರಸ್ತೆಗಿಳಿದ ಬಸ್ಸು ಓಡುತ್ತದೆ, ಹೊಸ ಬಸ್ಸು ಮಾತ್ರ ಹೊರಡದು. ಕಂಟ್ರೋಲ್ ಪ್ಲೇನ್‌ನ ಒಳರಚನೆ ಹೆಚ್ಚು ಜಟಿಲ, ಹಾಗಾಗಿ ಕೆಡುವ ಸಾಧ್ಯತೆಯೂ ಹೆಚ್ಚು.

ಅಮೆಜಾನ್‌ನ ಕೆಲವು ಜಾಗತಿಕ ಸೇವೆಗಳ ಕಂಟ್ರೋಲ್ ಪ್ಲೇನ್ ಇರುವುದು `us-east-1`ನಲ್ಲಿ. ಬಳಕೆದಾರರ ಅನುಮತಿಗಳನ್ನು ನೋಡಿಕೊಳ್ಳುವ ಐಎಎಮ್, ಡಿಎನ್‌ಎಸ್ ಸೇವೆಯಾದ ರೂಟ್ 53 ಇಂಥವು. ಮುಂಬೈಯಲ್ಲಿ ಅನುಮತಿಯ ಪರಿಶೀಲನೆ ಮುಂಬೈಯಲ್ಲೇ ನಡೆಯುತ್ತದೆ. ಆದರೆ ಹೊಸ ಅನುಮತಿಯನ್ನು ಸೃಷ್ಟಿಸುವ ಕೋರಿಕೆ ವರ್ಜೀನಿಯಾಕ್ಕೆ ಹೋಗುತ್ತದೆ.

ಮುಂಬೈಯಲ್ಲಿ ನಡೆಯುವ ಒಂದು ಆ್ಯಪ್ ಹೈದರಾಬಾದ್‌ನಲ್ಲಿ ಬದಲಿ ವ್ಯವಸ್ಥೆ ಯೋಜಿಸಿದೆ ಎಂದುಕೊಳ್ಳಬಹುದು. ಆಪತ್ತಿನಲ್ಲಿ ಅಲ್ಲಿ ಹೊಸ ಸರ್ವರ್ ತೆರೆದು, ಹೊಸ ಅನುಮತಿ ಕೊಟ್ಟು, ಡಿಎನ್‌ಎಸ್ ದಾಖಲೆ ತಿದ್ದಬೇಕೆಂಬುದು ಯೋಜನೆ. ಈ ಮೂರೂ ಕಂಟ್ರೋಲ್ ಪ್ಲೇನ್‌ನ ಕೆಲಸಗಳು, ಕೊನೆಯ ಎರಡು ವರ್ಜೀನಿಯಾವನ್ನೇ ನೆಚ್ಚಿಕೊಂಡವು. ಭಾರತದೊಳಗೇ ಇರುವಂತೆ ಕಾಣುವ ಯೋಜನೆಯೊಂದು ಹೀಗೆ ಅಮೆರಿಕದ ಒಂದು ರೀಜನ್‌ಗೆ ಕಟ್ಟುಬಿದ್ದಿರುತ್ತದೆ.

ಪರಿಹಾರವೆಂದರೆ ಆಪತ್ತಿನ ಹೊತ್ತಿಗೆ ಯಾವುದನ್ನೂ ಹೊಸದಾಗಿ ಸೃಷ್ಟಿಸಬೇಕಾಗದಂತೆ ಸಿದ್ಧವಾಗಿರುವುದು. ಹೈದರಾಬಾದ್‌ನ ಸರ್ವರ್‌ಗಳು ಮೊದಲೇ ಚಾಲೂ ಇರಬೇಕು, ಅನುಮತಿಗಳು ಮೊದಲೇ ಇರಬೇಕು. ರೂಟ್ 53ರಲ್ಲಿ ಎರಡೂ ರೀಜನ್‌ಗಳ ದಾಖಲೆಗಳನ್ನು ಆರೋಗ್ಯ ತಪಾಸಣೆಯೊಂದಿಗೆ ಮುಂಚೆಯೇ ಬರೆದಿಟ್ಟರೆ, ಮುಂಬೈ ಕೆಟ್ಟಾಗ ದಾರಿ ಬದಲಿಸುವ ಕೆಲಸ ಡೇಟಾ ಪ್ಲೇನ್‌ನಲ್ಲಿ ತಾನಾಗಿ ನಡೆಯುತ್ತದೆ. ಗುಪ್ತ ಅವಲಂಬನೆಗಳನ್ನು ಪತ್ತೆಹಚ್ಚಲು ಕ್ಲೌಡ್‌ಟ್ರೇಲ್ ದಾಖಲೆಗಳು ನೆರವಾಗುತ್ತವೆ: ಮುಂಬೈಯ ಬದಲಿ ಯೋಜನೆಯ ತಾಲೀಮಿನಲ್ಲಿ `us-east-1` ಹೆಸರು ಕಂಡಲ್ಲೆಲ್ಲ ಪರಿಶೀಲನೆ ಬೇಕು.

ಇದಕ್ಕೆ ಬೆಲೆಯಿದೆ. ಸುಮ್ಮನೆ ಓಡುವ ಸರ್ವರ್‌ಗೂ ಬಾಡಿಗೆ ಕಟ್ಟಬೇಕು, ಎರಡು ಕಡೆಯ ಡೇಟಾ ಹೊಂದಿಕೆಯಲ್ಲಿರಬೇಕು. ಎರಡು ಕಂಪನಿಗಳ ಕ್ಲೌಡ್ ಬಳಸಿದರೆ ಖರ್ಚು, ಜಟಿಲತೆ ಇನ್ನೂ ಹೆಚ್ಚು. ಎಲ್ಲ ಸೇವೆಗೂ ಅಷ್ಟು ಅಗತ್ಯವಿಲ್ಲ. ಹಣ ಪಾವತಿ, ಆಸ್ಪತ್ರೆ, ತುರ್ತು ಕರೆಯಂಥ ಸೇವೆಗಳಲ್ಲಿ ಮಾತ್ರ ಕೆಲವು ಗಂಟೆಗಳ ಸ್ಥಗಿತವೂ ಈ ಖರ್ಚಿಗಿಂತ ದುಬಾರಿಯಾದೀತು.