ರೋಗಿಗೆ ಮಾತು ಬರೆದುಕೊಡಬೇಡಿ, ಪ್ರಶ್ನೆ ಬರೆದಿಟ್ಟುಕೊಳ್ಳಿ

ಚಿಕ್ಕ ಊರಿನ ಕ್ಲಿನಿಕ್‌ಗಳ ವಿಡಿಯೊ ನೋಡಿದವರಿಗೆಲ್ಲ ಈ ಮಾತು ಬಾಯಿಪಾಠವಾಗಿದೆ: “ನಮಸ್ಕಾರ. ನಾನು ಎರಡು ವರ್ಷಗಳಿಂದ ಭುಜದ ನೋವಿನಿಂದ ಬಳಲುತ್ತಿದ್ದೆ. ಇಲ್ಲಿಗೆ ಬಂದ ನಂತರ ಸಂಪೂರ್ಣ ಗುಣಮುಖಳಾಗಿದ್ದೇನೆ. ನುರಿತ ವೈದ್ಯರಿಗೆ ಅನಂತ ಧನ್ಯವಾದಗಳು.” ಹೇಳುವವರ ಕಣ್ಣು ಕ್ಯಾಮೆರಾದ ಪಕ್ಕ ಯಾರೋ ಹಿಡಿದ ಹಾಳೆಯ ಮೇಲಿರುತ್ತದೆ. ಅವರಿಗೆ ನಿಜವಾಗಿಯೂ ಗುಣವಾಗಿರಬಹುದು. ಆದರೂ ನೋಡುವವರಿಗೆ ನಂಬಿಕೆ ಬರುವುದಿಲ್ಲ. ‘ಬಳಲುತ್ತಿದ್ದೆ’, ‘ಗುಣಮುಖಳಾಗಿದ್ದೇನೆ’ ಎಂದು ಮನೆಯಲ್ಲಿ ಯಾರೂ ಮಾತಾಡುವುದಿಲ್ಲವಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ತಾಲ್ಲೂಕು ಕೇಂದ್ರವೊಂದರ ಪುಟ್ಟ ಫಿಸಿಯೊಥೆರಪಿ ಕ್ಲಿನಿಕ್. ಅಲ್ಲಿಗೆ ಬರುತ್ತಿದ್ದವರು ಐವತ್ತೆರಡು ವರ್ಷದ ಶಾಲಾ ಶಿಕ್ಷಕಿ. ಬಲ ಭುಜಕ್ಕೆ ಫ್ರೋಜನ್ ಶೋಲ್ಡರ್, ಅಂದರೆ ಕೀಲಿನ ಸುತ್ತಲಿನ ಪದರ ಬಿಗಿದುಕೊಂಡು ತೋಳು ಮೇಲೇಳದ ಸ್ಥಿತಿ. ಅವರ ಅನುಭವದ ವಿಡಿಯೊ ಮಾಡಬೇಕೆಂದು ಕ್ಲಿನಿಕ್ಕಿನವರ ಆಸೆ. ಇಂಥ ವಿಡಿಯೊ ಬಗ್ಗೆ ಇರುವ ಐದು ತಪ್ಪು ಕಲ್ಪನೆಗಳನ್ನು ಈ ಟೀಚರ್ ಜೊತೆಯಲ್ಲೇ ನೋಡೋಣ.

ತಪ್ಪು ಕಲ್ಪನೆ 1: ಸ್ಕ್ರಿಪ್ಟ್ ಎಂದರೆ ರೋಗಿ ಹೇಳಬೇಕಾದ ಮಾತು

ಸತ್ಯ: ಸ್ಕ್ರಿಪ್ಟ್ ಇರಬೇಕಾದದ್ದು ಕೇಳುವವರ ಕೈಯಲ್ಲಿ. ಅದರಲ್ಲಿ ಇರಬೇಕಾದದ್ದು ಪ್ರಶ್ನೆಗಳು ಮಾತ್ರ.

ಬರೆದುಕೊಟ್ಟ ವಾಕ್ಯವನ್ನು ನೆನಪಿಟ್ಟು ಹೇಳುವಾಗ ಮನಸ್ಸೆಲ್ಲ ಪದಗಳ ಹಿಂದೆ ಓಡುತ್ತದೆ. ಮುಖದಲ್ಲಿ ಕಾಣುವುದು ಪರೀಕ್ಷೆಗೆ ಕೂತವರ ಗಾಬರಿ. ನಡೆದದ್ದನ್ನು ನೆನೆಸಿಕೊಂಡು ಹೇಳುವವರು ಹಾಗಲ್ಲ. ಅವರು ಒಂದು ಕ್ಷಣ ಮೇಲೆ ನೋಡುತ್ತಾರೆ, ಕೈ ಎತ್ತಿ ತೋರಿಸುತ್ತಾರೆ, ನಡುವೆ ನಗುತ್ತಾರೆ. ಈ ಚಿಕ್ಕ ಚಲನೆಗಳನ್ನು ಅಭಿನಯಿಸಿ ತರಲಾಗುವುದಿಲ್ಲ.

ಟೀಚರ್‌ಗೆ ಕೇಳಲು ಇಷ್ಟು ಬರೆದಿಟ್ಟುಕೊಂಡರೆ ಸಾಕು:

1. ಭುಜದಲ್ಲಿ ಏನೋ ಸರಿಯಿಲ್ಲ ಅಂತ ಮೊದಲು ಗೊತ್ತಾಗಿದ್ದು ಏನು ಮಾಡ್ತಿದ್ದಾಗ?
2. ಯಾವ ಕೆಲಸ ಮಾಡೋಕೆ ಆಗ್ತಿರಲಿಲ್ಲ?
3. ಇಲ್ಲಿಗೆ ಬರೋಕೆ ಮುಂಚೆ ಏನೇನು ಮಾಡಿದ್ರಿ?
4. ಇಲ್ಲಿ ನಿಮಗೆ ಕಷ್ಟ ಅನ್ನಿಸಿದ್ದು ಯಾವುದು?
5. ಈಗ ಏನು ಮಾಡೋಕಾಗುತ್ತೆ? ಇನ್ನೂ ಏನು ಆಗಲ್ಲ?

ಇವುಗಳಲ್ಲಿ ಒಂದೂ ಡಾಕ್ಟರ ಬಗ್ಗೆ ಇಲ್ಲ ಎಂಬುದನ್ನು ಗಮನಿಸಿ. “ನಮ್ಮ ಚಿಕಿತ್ಸೆ ಹೇಗಿತ್ತು?” ಎಂದು ಕೇಳಿದರೆ “ಚೆನ್ನಾಗಿತ್ತು” ಎನ್ನದೆ ಬೇರೆ ದಾರಿಯೇ ಇಲ್ಲ. “ಯಾವ ಕೆಲಸ ಆಗ್ತಿರಲಿಲ್ಲ?” ಎಂದಾಗ ಟೀಚರ್ ಹೇಳುವುದು ಹೀಗೆ: “ಬೋರ್ಡಿನ ಮೇಲ್ಗಡೆ ಬರೆಯೋಕೇ ಆಗ್ತಿರಲಿಲ್ಲ ಕಣಮ್ಮ. ಕೆಳಗಡೆನೇ ಬರೀತಿದ್ದೆ. ಹಿಂದಿನ ಬೆಂಚಿನ ಹುಡುಗ್ರು ಕಾಣಲ್ಲ ಮಿಸ್ ಅಂತಿದ್ರು. ಜಡೆ ಹಾಕ್ಕೊಳ್ಳೋಕೆ ಮಗಳನ್ನ ಕರೀಬೇಕಿತ್ತು.” ಭುಜ ಹಿಡಿದುಕೊಂಡಿರುವ ಯಾರೇ ಇದನ್ನು ಕೇಳಿದರೂ ಇದು ತಮ್ಮದೇ ಕಥೆ ಎಂದು ಗುರುತಿಸುತ್ತಾರೆ. ಯಾವ ಬರಹಗಾರನೂ ಕೂತು ಬರೆದರೆ ‘ಕಾಣಲ್ಲ ಮಿಸ್’ ಹೊಳೆಯುವುದಿಲ್ಲ.

ತಪ್ಪು ಕಲ್ಪನೆ 2: ತಯಾರಿಯೇ ಇಲ್ಲದಿದ್ದರೆ ಇನ್ನೂ ಸಹಜವಾಗಿ ಬರುತ್ತದೆ

ಸತ್ಯ: ತಯಾರಿ ಇಲ್ಲದೆ ಕೂರಿಸಿದರೆ ಬರುವುದು ಮರ್ಯಾದೆಯ ಮಾತು ಮಾತ್ರ.

ಮೊಬೈಲ್ ಎತ್ತಿ ಹಿಡಿದು “ಏನಾದ್ರೂ ಹೇಳಿ ಮೇಡಂ” ಎಂದರೆ ನಮ್ಮವರು ಮೊದಲು ಮಾಡುವುದು ಹೊಗಳಿಕೆ. ಎದುರಿಗೆ ಚಿಕಿತ್ಸೆ ಕೊಟ್ಟವರೇ ನಿಂತಿದ್ದರಂತೂ ಬೇರೇನೂ ಬಾಯಿಗೆ ಬರುವುದಿಲ್ಲ. ಆದ್ದರಿಂದ ಪ್ರಶ್ನೆ ಕೇಳುವವರು ಚಿಕಿತ್ಸೆ ಕೊಟ್ಟವರಾಗಿರಬಾರದು. ದಿನಾ ಹೆಸರು ಬರೆದುಕೊಂಡು ಚೀಟಿ ಕೊಡುವ ಹುಡುಗಿ ಕೇಳಲಿ. ಡಾಕ್ಟರು ಆ ಹೊತ್ತಿಗೆ ಕೋಣೆಯಿಂದ ಹೊರಗಿರಲಿ.

ಹಿಂದಿನ ದಿನ ವಿಷಯ ಮಾತ್ರ ತಿಳಿಸಿ: ನೋವು ಶುರುವಾದದ್ದು, ಆಗದೆ ಹೋದ ಕೆಲಸಗಳು, ಈಗಿನ ಸ್ಥಿತಿ. ಉತ್ತರವನ್ನು ಮೊದಲೇ ಹೇಳಿಸಿ ನೋಡಬೇಡಿ. ಒಮ್ಮೆ ಚೆನ್ನಾಗಿ ಹೇಳಿದ್ದನ್ನು ಎರಡನೇ ಸಲ ಹೇಳಿಸಿದರೆ ಅದೇ ಪದಗಳನ್ನು ಹುಡುಕುತ್ತಾ ಮಾತು ಒಣಗುತ್ತದೆ. ಒಂದು ಸೂಚನೆ ಮಾತ್ರ ಕೊಡಬೇಕು. ಕೇಳುವವರ ದನಿ ಕೊನೆಗೆ ವಿಡಿಯೊದಲ್ಲಿ ಇರುವುದಿಲ್ಲವಾದ್ದರಿಂದ ಉತ್ತರದಲ್ಲೇ ಪ್ರಶ್ನೆ ಸೇರಿರಬೇಕು. “ಆರು ತಿಂಗಳು” ಎಂದರೆ ಕೇಳಿದವರಿಗೆ ತಲೆಬುಡ ತಿಳಿಯದು. “ನೋವು ಶುರುವಾಗಿ ಆರು ತಿಂಗಳಾಗಿತ್ತು” ಎಂದರೆ ಪ್ರಶ್ನೆ ಬೇಕಾಗಿಲ್ಲ.

ಕೂರಿಸುವುದೂ ತಯಾರಿಯೇ. ಮೊಬೈಲನ್ನು ಕೂತವರ ಕಣ್ಣಿನ ಮಟ್ಟಕ್ಕೆ ಸ್ಟ್ಯಾಂಡಿನ ಮೇಲಿಡಿ. ಕೇಳುವವರು ಅದರ ಪಕ್ಕಕ್ಕೇ ಕೂರಲಿ, ಟೀಚರ್ ಅವರ ಮುಖ ನೋಡಿ ಮಾತಾಡಲಿ. ಕಿಟಕಿಯ ಬೆಳಕು ಬೆನ್ನಿಗೆ ಬಿದ್ದರೆ ಮುಖ ಕಪ್ಪಾಗುತ್ತದೆ, ಮುಖಕ್ಕೇ ಬೀಳಬೇಕು. ಫ್ಯಾನ್ ನಿಲ್ಲಿಸಿ, ಕಿವಿಗೆ ರೂಢಿಯಾಗಿರುವ ಆ ಸದ್ದು ರೆಕಾರ್ಡಿಂಗಿನಲ್ಲಿ ಮಾತನ್ನೇ ನುಂಗುತ್ತದೆ. ಕಾಲರ್ ಮೈಕ್ ಇಲ್ಲದಿದ್ದರೆ ಇನ್ನೊಂದು ಮೊಬೈಲಿನಲ್ಲಿ ವಾಯ್ಸ್ ರೆಕಾರ್ಡರ್ ಹಾಕಿ ಅವರ ಮಡಿಲಲ್ಲಿಡಬಹುದು. ಬೇರೆ ರೋಗಿಗಳ ಮುಖ, ಕೇಸ್ ಶೀಟು, ಕಂಪ್ಯೂಟರ್ ಪರದೆ ಹಿಂದೆ ಎಲ್ಲಿಯೂ ಕಾಣಬಾರದು.

ತಪ್ಪು ಕಲ್ಪನೆ 3: ‘ಪೂರ್ತಿ ವಾಸಿಯಾಯ್ತು’ ಎಂದರೇ ಜನ ನಂಬುತ್ತಾರೆ

ಸತ್ಯ: ನಂಬಿಸುವುದು ಉಳಿದುಕೊಂಡ ಕೊರತೆ. ಅಲ್ಲದೆ ‘ಇಲ್ಲಿಂದಲೇ ವಾಸಿಯಾಯ್ತು’ ಎಂದು ಹೇಳುವ ಹಕ್ಕು ಎಷ್ಟೋ ಸಲ ಯಾರಿಗೂ ಇರುವುದಿಲ್ಲ.

ಫ್ರೋಜನ್ ಶೋಲ್ಡರ್ ಇದಕ್ಕೆ ಸರಿಯಾದ ಉದಾಹರಣೆ. ಇದು ಹೆಚ್ಚಾಗಿ ಕಾಣುವುದು ನಲವತ್ತರಿಂದ ಅರವತ್ತು ವಯಸ್ಸಿನವರಲ್ಲಿ, ಸಕ್ಕರೆ ಕಾಯಿಲೆ ಇರುವವರಲ್ಲಿ ಇನ್ನೂ ಹೆಚ್ಚು. ಮೊದಲು ನೋವು, ಆಮೇಲೆ ಬಿಗಿತ, ಕೊನೆಗೆ ನಿಧಾನವಾಗಿ ಸಡಿಲ ಎಂದು ಮೂರು ಹಂತಗಳಲ್ಲಿ ಸಾಗುತ್ತದೆ. ಒಟ್ಟಾರೆ ಒಂದರಿಂದ ಮೂರು ವರ್ಷ ಹಿಡಿಯಬಹುದು. ಬಹಳ ಜನರಿಗೆ ಅದು ತಾನಾಗಿಯೇ ಸಾಕಷ್ಟು ಬಿಟ್ಟುಕೊಳ್ಳುತ್ತದೆ. ಕೆಲವರಿಗೆ ಸ್ವಲ್ಪ ಬಿಗಿತ ಉಳಿಯುತ್ತದೆ. ಟೀಚರ್ ಕ್ಲಿನಿಕ್ಕಿಗೆ ಬಂದದ್ದು ಸಡಿಲವಾಗುವ ಹಂತಕ್ಕೆ ಹತ್ತಿರವಿದ್ದಾಗ ಎಂದಿಟ್ಟುಕೊಳ್ಳಿ. ವ್ಯಾಯಾಮ ನೆರವಾಗಿರುತ್ತದೆ, ಕಾಲವೂ ನೆರವಾಗಿರುತ್ತದೆ. ಎಷ್ಟು ಪಾಲು ಯಾವುದರದ್ದು ಎಂದು ಒಬ್ಬರ ಕಥೆಯಿಂದ ಬೇರ್ಪಡಿಸಲಾಗದು.

ಹಾಗಾದರೆ ಟೀಚರ್ ಏನು ಹೇಳಬಹುದು? ತಾವು ಕಂಡದ್ದನ್ನು. “ಈಗ ಬೋರ್ಡಿನ ಮೇಲ್ಗಡೆ ಬರೀತೀನಿ. ಆದ್ರೆ ಕೈ ಹಿಂದಕ್ಕೆ ತಿರುಗಿಸೋದು ಇನ್ನೂ ಸಲೀಸಾಗಿಲ್ಲ. ಮನೇಲಿ ದಿನಾ ವ್ಯಾಯಾಮ ಮಾಡ್ಲೇಬೇಕು, ಬಿಟ್ರೆ ಗೊತ್ತಾಗುತ್ತೆ.” ಇದರಲ್ಲಿ ಸುಳ್ಳಿಲ್ಲ. ಬರುವ ಹೊಸ ರೋಗಿಗೂ ಏನನ್ನು ನಿರೀಕ್ಷಿಸಬೇಕೆಂದು ಗೊತ್ತಾಗುತ್ತದೆ. ವಾರದೊಳಗೆ ಕೈ ಎತ್ತುವ ಆಸೆ ಹೊತ್ತು ಬಂದು, ಆಗದಾಗ ಜಗಳ ಮಾಡುವುದಿಲ್ಲ. ‘ನನಗಾದ ಹಾಗೆ ಎಲ್ಲರಿಗೂ ಆಗುತ್ತೆ’ ಎಂದು ಅವರು ಉತ್ಸಾಹದಲ್ಲಿ ಹೇಳಿದರೆ ಆ ವಾಕ್ಯವನ್ನು ಮಾತ್ರ ತೆಗೆದುಬಿಡಬೇಕು.

ತಪ್ಪು ಕಲ್ಪನೆ 4: ತಡವರಿಸಿದ್ದನ್ನೆಲ್ಲ ಕತ್ತರಿಸಿದರೆ ವಿಡಿಯೊ ಚೊಕ್ಕವಾಗುತ್ತದೆ

ಸತ್ಯ: ಚೊಕ್ಕವಾಗುತ್ತದೆ, ಸುಳ್ಳೆನಿಸುತ್ತದೆ.

ಹತ್ತು ಹನ್ನೆರಡು ನಿಮಿಷದ ಮಾತಿನಿಂದ ಒಂದೂವರೆ ನಿಮಿಷ ಉಳಿಸಿಕೊಳ್ಳಬೇಕು, ಆದ್ದರಿಂದ ಕತ್ತರಿ ಬೇಕೇ ಬೇಕು. ಪ್ರಶ್ನೆ ಇರುವುದು ಎಲ್ಲಿ ಎಂಬುದು. ದಾರಿ ತಪ್ಪಿ ಬೇರೆ ವಿಷಯಕ್ಕೆ ಹೋದದ್ದು, ಎರಡು ಸಲ ಹೇಳಿದ್ದು, ಇನ್ನೊಬ್ಬರ ಹೆಸರು ಬಂದದ್ದು ಹೋಗಲಿ. ಯೋಚಿಸಲು ತೆಗೆದುಕೊಂಡ ಎರಡು ಸೆಕೆಂಡು, ‘ಅಯ್ಯೋ, ಅದನ್ನ ಏನಂತ ಹೇಳ್ಲಿ’ ಎಂಬ ಉದ್ಗಾರ, ‘ಮೇನಲ್ಲಿ, ಅಲ್ಲ ಜೂನಲ್ಲಿ, ಸ್ಕೂಲ್ ಶುರುವಾಗಿತ್ತು’ ಎಂದು ತಮ್ಮನ್ನೇ ತಿದ್ದಿಕೊಂಡದ್ದು ಉಳಿಯಲಿ. ನೆನಪು ಕೆಲಸ ಮಾಡುತ್ತಿರುವುದಕ್ಕೆ ಅವೇ ಗುರುತು.

ಒಂದು ಕತ್ತರಿ ಮಾತ್ರ ನಿಷಿದ್ಧ: ಅರ್ಥ ಬದಲಿಸುವುದು. “ಮೊದಲ ಎರಡು ವಾರ ನೋವು ಜಾಸ್ತಿನೇ ಆಯ್ತು, ಬಿಟ್ಟುಬಿಡೋಣ ಅನ್ನಿಸ್ತು, ಆಮೇಲೆ ಪರವಾಗಿಲ್ಲ ಅನ್ನಿಸ್ತು” ಎಂಬುದರಿಂದ ಮೊದಲ ಭಾಗ ತೆಗೆದರೆ ಪದಗಳೆಲ್ಲ ಅವರವೇ, ಮಾತು ಮಾತ್ರ ಅವರದಲ್ಲ. ಪರೀಕ್ಷೆ ಸುಲಭ. ಪೂರ್ತಿ ರೆಕಾರ್ಡಿಂಗ್ ಕೇಳಿದವರಿಗೂ ಕತ್ತರಿಸಿದ್ದನ್ನು ನೋಡಿದವರಿಗೂ ಒಂದೇ ಅಭಿಪ್ರಾಯ ಬರಬೇಕು.

ತಪ್ಪು ಕಲ್ಪನೆ 5: ರೋಗಿ ‘ಆಯ್ತು’ ಎಂದರೆ ಮುಗಿಯಿತು

ಸತ್ಯ: ರೋಗಿ ಒಪ್ಪಿದರೂ ಕ್ಲಿನಿಕ್ಕಿಗೆ ಅವಕಾಶ ಇರಲಿಕ್ಕಿಲ್ಲ.

ಎಂಬಿಬಿಎಸ್ ಮತ್ತು ಅದಕ್ಕೂ ಮೇಲೆ ಓದಿದ ನೋಂದಾಯಿತ ವೈದ್ಯರಿಗೆ 2002ರ ಭಾರತೀಯ ವೈದ್ಯಕೀಯ ಮಂಡಳಿಯ ನೀತಿ ಸಂಹಿತೆ ಇದೆ. ರೋಗಿಗಳನ್ನು ಸೆಳೆಯಲು ಜಾಹೀರಾತು ಮಾಡುವುದನ್ನು, ತಾವು ಗುಣಪಡಿಸಿದ್ದನ್ನು ಕೊಚ್ಚಿಕೊಳ್ಳುವುದನ್ನು, ಹಾಗೆ ಪ್ರಕಟವಾಗಲು ಬಿಡುವುದನ್ನು ಅದು ತಡೆಯುತ್ತದೆ. ಅಂಥ ಕ್ಲಿನಿಕ್ಕಿನಲ್ಲಿ ‘ಡಾಕ್ಟರಿಂದ ವಾಸಿಯಾಯ್ತು’ ಎಂಬ ವಿಡಿಯೊ ಎಷ್ಟೇ ಪ್ರಾಮಾಣಿಕವಾಗಿದ್ದರೂ ತೊಂದರೆಗೆ ದಾರಿ. ದಂತವೈದ್ಯರು, ಆಯುಷ್ ವೈದ್ಯರು, ಫಿಸಿಯೊಥೆರಪಿಸ್ಟರಿಗೆ ಬೇರೆ ಬೇರೆ ನಿಯಂತ್ರಣ ಸಂಸ್ಥೆಗಳಿವೆ. ಕ್ಯಾಮೆರಾ ಎತ್ತುವ ಮುನ್ನ ತಮ್ಮ ಸಂಹಿತೆಯನ್ನು ಓದಬೇಕು. ವಿಡಿಯೊದಲ್ಲಿ ಔಷಧ ಬಂದರೆ 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯೂ ಬರುತ್ತದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್ ಮುಂತಾದ ಪಟ್ಟಿ ಮಾಡಿದ ಕಾಯಿಲೆಗಳನ್ನು ಗುಣಪಡಿಸುತ್ತದೆಂದು ಔಷಧದ ಜಾಹೀರಾತು ಕೊಡುವುದನ್ನು ಅದು ನಿಷೇಧಿಸಿದೆ.

ಅವಕಾಶ ಇದ್ದರೂ ಒಪ್ಪಿಗೆ ಕಾಗದದ ಮೇಲೆ ಇರಬೇಕು, ಕನ್ನಡದಲ್ಲಿ ಇರಬೇಕು. ವಿಡಿಯೊ ಎಲ್ಲಿ ಹಾಕುತ್ತೀರಿ, ಮುಖ ಮತ್ತು ಹೆಸರು ಕಾಣುತ್ತದೆಯೇ, ಎಷ್ಟು ಕಾಲ ಇರುತ್ತದೆ, ಬೇಡವೆಂದರೆ ಯಾರಿಗೆ ಹೇಳಬೇಕು ಎಂಬುದು ಅದರಲ್ಲಿರಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಒಪ್ಪಿಗೆ ಕೊಡುವಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವಂತಿರಬೇಕು. ಒಪ್ಪಿಗೆ ಕೇಳುವ ಹೊತ್ತೂ ಮುಖ್ಯ. ಚಿಕಿತ್ಸೆಯ ನಡುವೆ ಕೇಳಿದರೆ ‘ಬೇಡ’ ಎನ್ನಲು ಯಾರಿಗಾದರೂ ಸಂಕೋಚ. ಚಿಕಿತ್ಸೆ ಮುಗಿದ ಮೇಲೆ ಕೇಳಿ, ಎರಡು ದಿನ ಯೋಚಿಸಲು ಬಿಡಿ. ವಿಡಿಯೊಗೆಂದು ಫೀಸಿನಲ್ಲಿ ರಿಯಾಯಿತಿ ಕೊಟ್ಟಿದ್ದರೆ ಅದನ್ನು ವಿಡಿಯೊದಲ್ಲೇ ಹೇಳಿ. ದಾರಿ ತಪ್ಪಿಸುವ ಜಾಹೀರಾತು ತಡೆಗೆ ಕೇಂದ್ರ ಸರಕಾರ 2022ರಲ್ಲಿ ತಂದ ಮಾರ್ಗಸೂಚಿಯಂತೆ ಶಿಫಾರಸು ಮಾಡುವವರ ಮಾತು ಅವರ ನಿಜವಾದ ಅಭಿಪ್ರಾಯವಾಗಿರಬೇಕು, ಇಂಥ ಸಂಬಂಧವೂ ಬಹಿರಂಗವಾಗಿರಬೇಕು.

ಕೊನೆಯ ಹೆಜ್ಜೆ: ಕತ್ತರಿಸಿ ಮುಗಿಸಿದ ವಿಡಿಯೊವನ್ನು ಹಾಕುವ ಮುನ್ನ ಟೀಚರ್‌ಗೆ ತೋರಿಸಿ. ಅವರ ಊರಿನಲ್ಲಿ, ಅವರ ಶಾಲೆಯಲ್ಲಿ, ಅವರ ಬೀಗರ ಮೊಬೈಲಿನಲ್ಲಿ ಅದು ಓಡಾಡಲಿದೆ. “ಜಡೆ ವಿಷಯ ಬೇಡಮ್ಮ, ತೆಗೆದ್ಬಿಡು” ಎಂದರೆ, ಇಡೀ ವಿಡಿಯೊದಲ್ಲಿ ಅದೇ ಅತಿ ಒಳ್ಳೆಯ ಮಾತಾಗಿದ್ದರೂ, ತೆಗೆದುಬಿಡಿ.