ಸಣ್ಣ ಹುದ್ದೆಗೆ ದೊಡ್ಡ ರೆಸ್ಯೂಮೆ

ಬೆಂಗಳೂರಿನ ಕಂಪನಿಯೊಂದರಲ್ಲಿ ಫೈನಾನ್ಸ್ ಮ್ಯಾನೇಜರ್ ಆಗಿರುವ ಒಬ್ಬ ಮಹಿಳೆ ಇದ್ದಾರೆ ಎಂದುಕೊಳ್ಳಿ. 20 ವರ್ಷದ ಅನುಭವ, ಎಂ.ಕಾಂ. ಜೊತೆಗೊಂದು ಎಂಬಿಎ, ಕೈಕೆಳಗೆ 12 ಜನ. ವಯಸ್ಸಾದ ಅಪ್ಪ-ಅಮ್ಮ ಮೈಸೂರಿನಲ್ಲಿರುವುದರಿಂದ ಅಲ್ಲಿಗೇ ಹೋಗಿ ನೆಲೆಸುವ ತೀರ್ಮಾನ ಮಾಡಿದ್ದಾರೆ. ಹೆಬ್ಬಾಳ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಯೊಂದಕ್ಕೆ ಸೀನಿಯರ್ ಅಕೌಂಟೆಂಟ್ ಬೇಕಿತ್ತು, ಅರ್ಜಿ ಹಾಕಿದರು. ಅಂಥ ಕೆಲಸ ಅವರಿಗೆ ನೀರು ಕುಡಿದಷ್ಟು ಸಲೀಸು. ಆದರೂ ಅತ್ತಲಿಂದ ಫೋನೇ ಬರಲಿಲ್ಲ.

ರೆಸ್ಯೂಮೆ ಕೈಗೆತ್ತಿಕೊಂಡ ಎಚ್‌ಆರ್‌ ಜಾಗದಲ್ಲಿ ಕೂತು ನೋಡಿದರೆ ಕಾರಣ ತಿಳಿಯುತ್ತದೆ. ಇಷ್ಟು ದೊಡ್ಡ ಹುದ್ದೆಯಲ್ಲಿದ್ದವರು ನಮ್ಮ ಸಂಬಳಕ್ಕೆ ಒಪ್ಪುತ್ತಾರೆಯೇ? ಒಪ್ಪಿದರೂ ಬೇರೆ ಕಡೆ ಸಿಕ್ಕ ಕೂಡಲೇ ಹೊರಡುವುದಿಲ್ಲವೇ? ನಮ್ಮ ಅಕೌಂಟ್ಸ್ ಮ್ಯಾನೇಜರಿಗೆ ಇನ್ನೂ 35, ಅವನ ಮಾತು ಇವರು ಕೇಳುತ್ತಾರೆಯೇ? ಎಲ್ಲಕ್ಕಿಂತ ಹೆಚ್ಚಾಗಿ, ಇವರು ಕೊನೆಯ ಸಲ ತಾವೇ ಟ್ಯಾಲಿ ತೆರೆದು ಎಂಟ್ರಿ ಹಾಕಿದ್ದು ಯಾವಾಗ? ಈ ಕೊನೆಯ ಅನುಮಾನವನ್ನು ರೆಸ್ಯೂಮೆ ತಾನೇ ನಿವಾರಿಸಬಹುದು. ತಗ್ಗಿಸುವ ಕೆಲಸ ಶುರುವಾಗಬೇಕಾದ್ದು ಅಲ್ಲಿಂದಲೇ.

ಅವರ ಹಳೆಯ ರೆಸ್ಯೂಮೆಯ ಮೊದಲ ಸಾಲು ಹೀಗಿತ್ತು: ‘ಮೂರು ಶಾಖೆಗಳ ಹಣಕಾಸು ವಿಭಾಗದ ಮುಖ್ಯಸ್ಥೆ, 12 ಜನರ ತಂಡದ ನಾಯಕತ್ವ, ಬಜೆಟ್ ಮತ್ತು ಆಡಳಿತ ಮಂಡಳಿಗೆ ವರದಿ.’ ಇದರಲ್ಲಿ ಸುಳ್ಳಿಲ್ಲ, ಆದರೆ ಸೀನಿಯರ್ ಅಕೌಂಟೆಂಟ್ ದಿನವಿಡೀ ಮಾಡುವ ಒಂದು ಕೆಲಸವೂ ಇಲ್ಲ. ತಿದ್ದಿದ ಸಾಲು ಹೀಗಾಯಿತು: ‘ಮೂರು ಶಾಖೆಗಳ ತಿಂಗಳ ಲೆಕ್ಕ ಮುಗಿಸುವುದು, ಬ್ಯಾಂಕ್ ರೀಕನ್ಸಿಲಿಯೇಷನ್, GSTR-1 ಮತ್ತು GSTR-3B ಸಲ್ಲಿಕೆ, ಟಿಡಿಎಸ್, ಲೆಕ್ಕಪರಿಶೋಧಕರಿಗೆ ದಾಖಲೆ ಒದಗಿಸುವುದು.’ ತಂಡದ ಮಾತು ಪೂರ್ತಿ ಮಾಯವಾಗಿಲ್ಲ, ಕೊನೆಗೆ ಸರಿದು ‘ಕಿರಿಯರಿಗೆ ಕೆಲಸ ಕಲಿಸಿದ್ದು’ ಎಂದಾಗಿದೆ. ಬಜೆಟ್, ಆಡಳಿತ ಮಂಡಳಿ, ಪ್ರಶಸ್ತಿ ಇವನ್ನೆಲ್ಲ ಕೈಬಿಡಲಾಗಿದೆ.

ಇಲ್ಲೊಂದು ಎಚ್ಚರ ಬೇಕು. ರಿಟರ್ನ್‌ಗಳನ್ನು ಅವರು ತಾವೇ ಸಿದ್ಧಪಡಿಸುತ್ತಿದ್ದರೋ, ಹುಡುಗರು ಮಾಡಿದ್ದನ್ನು ನೋಡಿ ಸಹಿ ಹಾಕುತ್ತಿದ್ದರೋ? ಎರಡನೆಯದಾದರೆ ‘ಪರಿಶೀಲನೆ’ ಎಂದೇ ಬರೆಯಬೇಕು. ಸಣ್ಣ ಕಾರ್ಖಾನೆಗಳಲ್ಲಿ ಸಂದರ್ಶನದ ದಿನವೇ ಕಂಪ್ಯೂಟರ್ ಮುಂದೆ ಕೂರಿಸಿ, ನಾಲ್ಕು ವೋಚರ್ ಕೊಟ್ಟು ‘ಹಾಕಿ ತೋರಿಸಿ’ ಅನ್ನುವುದುಂಟು. ಕೈ ತಪ್ಪಿಹೋಗಿದ್ದರೆ ಅರ್ಜಿಗೆ ಮೊದಲೇ ಕೆಲವು ವಾರ ಕೂತು ಅಭ್ಯಾಸ ಮಾಡಿಕೊಳ್ಳುವುದು ಮೇಲು.

ಹಾಗಾದರೆ ಎಷ್ಟನ್ನು ಕತ್ತರಿಸಬಹುದು? ಮೊದಲ ಎಂಟು ವರ್ಷದ ಕೆಲಸಗಳನ್ನು ಬಿಡಬಹುದು. ‘ಕಳೆದ 12 ವರ್ಷದ ಅನುಭವ’ ಎಂಬ ತಲೆಬರಹ ಕೊಟ್ಟರೆ ಓದುವವರಿಗೆ ಮೋಸವೂ ಆಗುವುದಿಲ್ಲ. ಪದವಿ ಮುಗಿಸಿದ ಇಸವಿ ಬೇಕಿಲ್ಲ. ಎಂಬಿಎಯನ್ನು ಕೆಲವರು ಅಳಿಸಿಯೇ ಬಿಡುತ್ತಾರೆ, ನಾನಾದರೆ ಕೊನೆಯಲ್ಲಿ ಒಂದು ಸಾಲಾಗಿ ಉಳಿಸುತ್ತೇನೆ. ಕಂಪನಿಯವರು ಕೊಡುವ ಅರ್ಜಿ ನಮೂನೆಯಲ್ಲಿ ಎಲ್ಲ ವಿದ್ಯಾರ್ಹತೆ ಬರೆಯಿರಿ ಎಂದಿದ್ದರೆ ಆಗ ಬರೆಯಲೇಬೇಕಲ್ಲ, ಹೊಸದಾಗಿ ವಿವರಣೆ ಕೊಡುವ ಫಜೀತಿ ಏಕೆ?

ಮುಟ್ಟಬಾರದ್ದು ಹುದ್ದೆಯ ಹೆಸರು ಮತ್ತು ತಾರೀಖು. ‘ಮ್ಯಾನೇಜರ್’ ಇದ್ದದ್ದನ್ನು ‘ಅಕೌಂಟೆಂಟ್’ ಎಂದು ಬರೆದರೆ ರಿಲೀವಿಂಗ್ ಲೆಟರ್ ಬೇರೆಯೇ ಹೇಳುತ್ತದೆ. ಪಿಎಫ್‌ನ ಯುಎಎನ್ ಖಾತೆಯಲ್ಲಿ ಯಾವ ಕಂಪನಿಗೆ ಯಾವಾಗ ಸೇರಿದಿರಿ, ಯಾವಾಗ ಬಿಟ್ಟಿರಿ ಎಂಬುದು ದಾಖಲಾಗಿರುತ್ತದೆ, ಹಿನ್ನೆಲೆ ಪರಿಶೀಲಿಸುವವರು ಅದನ್ನು ಕೇಳುತ್ತಾರೆ. ಆಗ ತಗ್ಗಿಸಿ ಬರೆದದ್ದೂ ಉಬ್ಬಿಸಿ ಬರೆದದ್ದರಂತೆ ಸುಳ್ಳೆಂದೇ ಲೆಕ್ಕ. ನೌಕ್ರಿ, ಲಿಂಕ್ಡ್‌ಇನ್ ಪುಟಗಳಲ್ಲಿ ಹಳೆಯ ತಲೆಬರಹವೇ ಉಳಿದಿದ್ದರೆ ಇಷ್ಟೂ ಶ್ರಮ ವ್ಯರ್ಥ. ಅವನ್ನೂ ಅದೇ ದಿನ ತಿದ್ದಬೇಕು.

ಉಳಿದ ಅನುಮಾನಗಳಿಗೆ ಉತ್ತರ ರೆಸ್ಯೂಮೆಯಲ್ಲಿಲ್ಲ, ಅದರ ಜೊತೆ ಕಳಿಸುವ ಮೇಲ್‌ನಲ್ಲಿ ಎರಡು ಸಾಲಾಗಿ ಇರಬೇಕು. ‘ಕುಟುಂಬದ ಕಾರಣಕ್ಕೆ ಮೈಸೂರಿಗೆ ಕಾಯಂ ಆಗಿ ಬರುತ್ತಿದ್ದೇನೆ. ಈ ಹುದ್ದೆಯ ಜವಾಬ್ದಾರಿ, ಸಂಬಳ ಎರಡನ್ನೂ ತಿಳಿದೇ ಅರ್ಜಿ ಹಾಕಿದ್ದೇನೆ.’ ಹೀಗೆ ಕಾರಣ ಹೇಳದೆ ಬರೀ ಸಣ್ಣದಾದ ರೆಸ್ಯೂಮೆ ಕಳಿಸಿದರೆ, ಎಲ್ಲೋ ಏನೋ ಎಡವಟ್ಟಾಗಿದೆ ಎಂದೇ ಊಹಿಸುತ್ತಾರೆ.

ಈಗಿನ ಸಂಬಳ ಎಷ್ಟೆಂದು ಎಚ್‌ಆರ್ ಫೋನಿನಲ್ಲಿ ಕೇಳಿಯೇ ಕೇಳುತ್ತಾರೆ. ಕಡಿಮೆ ಮಾಡಿ ಹೇಳಿ ಪ್ರಯೋಜನವಿಲ್ಲ, ಮುಂದೆ ಪೇಸ್ಲಿಪ್ ತೋರಿಸಬೇಕಾಗುತ್ತದೆ. ಇದ್ದ ಮೊತ್ತ ಹೇಳಿ, ಅದೇ ಉಸಿರಿಗೆ ‘ನಿಮ್ಮ ಹುದ್ದೆಗೆ ನಿಗದಿಯಾದಷ್ಟು ಸಾಕು’ ಎಂದು ಸೇರಿಸಿದರೆ ಮಾತು ಮುಂದುವರಿಯುತ್ತದೆ. ಆ ಮಾತು ಹೇಳುವ ಮುನ್ನ ಮನೆಯ ಇಎಂಐ, ಮಕ್ಕಳ ಫೀಸು ಎಲ್ಲ ಸೇರಿಸಿ ಆ ಸಂಬಳದಲ್ಲಿ ತಿಂಗಳು ದಾಟುತ್ತದೆಯೇ ಎಂದು ಲೆಕ್ಕ ಹಾಕಿರಬೇಕು. ದಾಟದಿದ್ದರೆ ಎಚ್‌ಆರ್‌ನ ಅನುಮಾನವೇ ಸರಿ ಎಂದಾಯಿತು.